ಶೇರು 2 ರೂಪಾಯಿ ಇಳಿದಿದೆ, ಶಾರ್ಟ್‌ನಲ್ಲಿ ಸಿಕ್ಕಿದ್ದು 50 ಪೈಸೆ. ರೋಲ್ ಮಾಡುವುದಾ, ಬಿಡುವುದಾ?

ಪೆರ್ಲದ ಹುಡುಗ
ಎಲ್ಲರಿಗೂ ನಮಸ್ಕಾರ. ಒಂದು ಶೇರನ್ನು ಫ್ಯೂಚರ್ಸ್‌ನಲ್ಲಿ ಶಾರ್ಟ್ ಮಾಡಿದ್ದೇನೆ. ಹೆಸರು ಹಾಕಿದರೆ ಅಡ್ಮಿನ್ ಪೋಸ್ಟ್ ಅಳಿಸುತ್ತಾರೆ, ಹಾಗಾಗಿ ಬೇಡ. ಕಂಪನಿ ನಷ್ಟದಲ್ಲಿದೆ, ಸಾಲ ಜಾಸ್ತಿ, ಮಾರುಕಟ್ಟೆ ಏರಿದ ದಿನವೂ ಇದು ಏರುವುದಿಲ್ಲ.

ಮಾರುವಾಗ ಶೇರು 400ರಲ್ಲಿತ್ತು, ಈ ತಿಂಗಳ ಫ್ಯೂಚರ್ 397ರಲ್ಲಿತ್ತು. ಒಂದು ಲಾಟ್ ಮಾರಿದೆ, ಅಂದರೆ 1,500 ಶೇರು. ಈಗ ಶೇರು 398, ಫ್ಯೂಚರ್ 396.50. ಶೇರು 2 ರೂಪಾಯಿ ಇಳಿದರೆ 3,000 ಬರಬೇಕಿತ್ತು, ಅಲ್ವಾ? ತೋರಿಸುತ್ತಿರುವುದು 750. ಬ್ರೋಕರೇಜ್, ಟ್ಯಾಕ್ಸ್ ಕಳೆದರೆ ಅದರಲ್ಲೂ ಉಳಿಯುವುದು ಅಷ್ಟಕ್ಕಷ್ಟೆ.

ಮುಂದಿನ ಮಂಗಳವಾರ ಎಕ್ಸ್‌ಪೈರಿ. ಮುಂದಿನ ತಿಂಗಳ ಫ್ಯೂಚರ್ 392ರಲ್ಲಿ ಉಂಟು. ಇದನ್ನು ಮುಗಿಸಿ ಅದನ್ನು ಮಾರಿ ರೋಲ್ ಮಾಡುವುದಾ?

ಉಪ್ಪಳ ಎಕ್ಸ್‌ಪ್ರೆಸ್
ಬಿದ್ದವನಿಗೆ ಇನ್ನೊಂದು ಒದೆ ಕೊಡಲು ಹೋಗಿದ್ದೀಯ ಮಾರಾಯ. ಕೆಲವೊಮ್ಮೆ ಅವನು ಎದ್ದು ನಿಲ್ಲುತ್ತಾನೆ.

ಕುಂಬಳೆ ಕ್ಯಾಲ್ಕುಲೇಟರ್
ಶಾರ್ಟ್ ಮಾಡಿದವನು ಕ್ಯಾರಿ ಕಾಸ್ಟ್ ಕೊಡಬೇಕಾಗಿಲ್ಲ, ಅವನಿಗೆ ಅದು ಸಿಗುತ್ತದೆ. ಇದನ್ನು ಯಾರೂ ಹೇಳುವುದಿಲ್ಲ. 400ರ ಶೇರಿನ ಫ್ಯೂಚರ್ ತಿಂಗಳ ಆರಂಭದಲ್ಲಿ 402ರ ಆಸುಪಾಸು ಇರುತ್ತದೆ, ಅದು ಒಂದು ತಿಂಗಳ ಬಡ್ಡಿ. ಎಕ್ಸ್‌ಪೈರಿಗೆ ಎರಡೂ ಒಂದಾಗುತ್ತವೆ. ಶೇರು ಅಲ್ಲಾಡದಿದ್ದರೂ ಮಾರಿದವನಿಗೆ 2 ರೂಪಾಯಿ ಬಂತು. ಕೊಂಡವನು ಕೊಡುತ್ತಾನೆ, ಮಾರಿದವನು ತೆಗೆದುಕೊಳ್ಳುತ್ತಾನೆ. ಧೈರ್ಯವಾಗಿ ರೋಲ್ ಮಾಡು.

ಹಳೇ ಡೀಲರ್, ಮುಳ್ಳೇರಿಯ
ಕ್ಯಾಲ್ಕುಲೇಟರ್ ಹೇಳಿದ್ದು ಗಟ್ಟಿ ಶೇರುಗಳಿಗೆ ಸರಿ. ಆದರೆ ಹುಡುಗ ಕೊಟ್ಟ ಅಂಕಿ ಓದಿ. ಅವನ ಫ್ಯೂಚರ್ ಶೇರಿಗಿಂತ ಮೇಲೆ ಇರಲಿಲ್ಲ, 3 ರೂಪಾಯಿ ಕೆಳಗಿತ್ತು. ಆ 3 ರೂಪಾಯಿ ಎಕ್ಸ್‌ಪೈರಿಯೊಳಗೆ ಸೊನ್ನೆ ಆಗಲೇಬೇಕು. ಹಾಗೆ ಸೊನ್ನೆ ಆಗುವಾಗ ಅದು ಮಾರಿದವನ ಜೇಬಿನಿಂದ ಹೋಗುತ್ತದೆ. ಇಷ್ಟರೊಳಗೆ ಒಂದೂವರೆ ರೂಪಾಯಿ ಹೋಗಿಯಾಯಿತು. ಕಾಣೆಯಾದ 2,250 ಅದೇ.

ಅಂದರೆ ಇಲ್ಲಿ ಕ್ಯಾರಿ ಕೊಡುತ್ತಿರುವವನು ನೀನೇ, ತಮ್ಮ.

ಮೊದಲು ಒಂದು ಕೆಲಸ ಮಾಡು. ಎರಡು ತಿಂಗಳೊಳಗೆ ಡಿವಿಡೆಂಡ್ ತಾರೀಖು ಉಂಟಾ ನೋಡು. 4 ರೂಪಾಯಿ ಡಿವಿಡೆಂಡ್ ಬರುವುದಿದ್ದರೆ ಫ್ಯೂಚರ್ ಅಷ್ಟು ಕೆಳಗೆ ಇರುವುದು ಸಹಜ. ಆ ದಿನ ಶೇರೂ ಅಷ್ಟೇ ಇಳಿಯುತ್ತದೆ, ನಿನಗೆ ನಷ್ಟ ಇಲ್ಲ. ಡಿವಿಡೆಂಡ್ ಇಲ್ಲದಿದ್ದರೆ ಮಾತು ಬೇರೆ.

ಪೆರ್ಲದ ಹುಡುಗ
ನಷ್ಟದ ಕಂಪನಿ ಸರ್, ಎಂತ ಡಿವಿಡೆಂಡ್.

ಮಾಷ್ಟ್ರು, ನೀರ್ಚಾಲು
ನನ್ನ ಅನುಭವ ಹೇಳುತ್ತೇನೆ. ಶಾರ್ಟ್ ಮಾಡಿದರೆ ಅದೇ ದಿನ ಮೂರೂವರೆ ಗಂಟೆಯೊಳಗೆ ವಾಪಸ್ ಕೊಳ್ಳಬೇಕು, ಇಲ್ಲದಿದ್ದರೆ ಆಕ್ಷನ್‌ಗೆ ಹೋಗುತ್ತದೆ. ನಾನು ಒಂದು ಸಣ್ಣ ಶೇರು ಬೆಳಿಗ್ಗೆ ಮಾರಿದ್ದೆ. ಮಧ್ಯಾಹ್ನದ ಹೊತ್ತಿಗೆ ಅಪ್ಪರ್ ಸರ್ಕ್ಯೂಟ್ ಬಿತ್ತು. ಕೊಳ್ಳೋಣ ಅಂದರೆ ಮಾರುವವರೇ ಇಲ್ಲ. ನನ್ನ ಹತ್ತಿರ ಕೊಡಲು ಶೇರೂ ಇಲ್ಲ. ಆಕ್ಷನ್ ಬೆಲೆಯ ವ್ಯತ್ಯಾಸ ನನ್ನ ಖಾತೆಯಿಂದಲೇ ಹೋಯಿತು. ನೀನು ಇಷ್ಟು ದಿನ ಹೇಗೆ ಇಟ್ಟುಕೊಂಡೆ?

ಉಪ್ಪಳ ಎಕ್ಸ್‌ಪ್ರೆಸ್
ಮಾಷ್ಟ್ರೇ, ನೀವು ಹೇಳಿದ್ದು ಕ್ಯಾಶ್ ಮಾರ್ಕೆಟ್ಟು. ಇವನದ್ದು ಫ್ಯೂಚರ್ಸು. ಎಕ್ಸ್‌ಪೈರಿಯವರೆಗೆ ಇಟ್ಟುಕೊಳ್ಳಬಹುದು.

ಹಳೇ ಡೀಲರ್, ಮುಳ್ಳೇರಿಯ
ಮಾಷ್ಟ್ರು ಹೇಳಿದ್ದು ಪೂರ್ತಿ ಹೊರಗಿನ ಮಾತಲ್ಲ. 2019ರ ಅಕ್ಟೋಬರ್‌ನಿಂದ ಎಲ್ಲ ಶೇರುಗಳ ಫ್ಯೂಚರ್ಸ್‌ಗೂ ಎಕ್ಸ್‌ಪೈರಿಯಲ್ಲಿ ಶೇರನ್ನೇ ಕೊಟ್ಟು ಲೆಕ್ಕ ಮುಗಿಸಬೇಕು. ಶಾರ್ಟ್ ಹಾಗೇ ಬಿಟ್ಟರೆ 1,500 ಶೇರು ನೀನು ಕೊಡಬೇಕು. ಡಿಮ್ಯಾಟಿನಲ್ಲಿ ಇಲ್ಲದಿದ್ದರೆ ಮಾಷ್ಟ್ರಿಗೆ ಆದದ್ದೇ ನಿನಗೂ. ಅದಕ್ಕೇ ಕೊನೆಯ ದಿನಗಳಲ್ಲಿ ಬ್ರೋಕರ್ ಮಾರ್ಜಿನ್ ಏರಿಸುತ್ತಾನೆ. ನಿನ್ನ ಹಾಗಿನ ಶಾರ್ಟ್‌ಗಳೆಲ್ಲ ಆ ನಾಲ್ಕೈದು ದಿನಗಳಲ್ಲೇ ಕೊಳ್ಳಲು ಬರುವುದು.

ಇನ್ನು ಡಿಸ್ಕೌಂಟ್ ಯಾಕೆ ಉಳಿಯುತ್ತದೆ ಅನ್ನುವುದು. ಫ್ಯೂಚರ್ ತುಂಬಾ ಮೇಲೆ ಹೋದರೆ ಆರ್ಬಿಟ್ರೇಜ್ ಫಂಡಿನವರು ಶೇರು ಕೊಂಡು ಫ್ಯೂಚರ್ ಮಾರುತ್ತಾರೆ, ವ್ಯತ್ಯಾಸ ಕರಗುತ್ತದೆ. ಅವರಿಗೆ ಬೇಕಾದ್ದು ದುಡ್ಡು ಮಾತ್ರ. ಫ್ಯೂಚರ್ ಕೆಳಗೆ ಇದ್ದರೆ ಉಲ್ಟಾ ಮಾಡಬೇಕು, ಶೇರು ಮಾರಿ ಫ್ಯೂಚರ್ ಕೊಳ್ಳಬೇಕು. ಅದಕ್ಕೆ ಕೈಯಲ್ಲಿ ಶೇರು ಬೇಕು. ಸಾಲಕ್ಕೆ ಶೇರು ಕೊಡುವ ವ್ಯವಸ್ಥೆ 2008ರಿಂದ ನಮ್ಮಲ್ಲಿ ಉಂಟು, ಆದರೆ ಅಲ್ಲಿ ವಹಿವಾಟು ಕಡಿಮೆ. ಹಾಗಾಗಿ ಇಂಥ ಶೇರಿನ ಡಿಸ್ಕೌಂಟ್ ವಾರಗಟ್ಟಲೆ ಹಾಗೇ ಕೂತಿರುತ್ತದೆ. ಇವತ್ತಲ್ಲ ನಾಳೆ ಸರಿಯಾದೀತು ಅಂತ ಕಾಯುವುದರಲ್ಲಿ ಅರ್ಥ ಇಲ್ಲ.

ಈಗ ರೋಲ್ ಲೆಕ್ಕ. 396.50ಕ್ಕೆ ಕೊಂಡು 392ಕ್ಕೆ ಮಾರುತ್ತೀಯ. ಒಂದು ತಿಂಗಳ ನಂತರ ಶೇರು 398ರಲ್ಲೇ ಇದ್ದರೂ ನಿನ್ನ 392 ಹೋಗಿ 398ಕ್ಕೆ ಸೇರುತ್ತದೆ. ಲಾಟಿಗೆ 9,000 ನಷ್ಟ. ತಿಂಗಳಿಗೆ ಒಂದೂವರೆ ಪರ್ಸೆಂಟ್ ಬಾಡಿಗೆ ಕೊಟ್ಟ ಹಾಗೆ. ಶೇರು 392ಕ್ಕಿಂತ ಕೆಳಗೆ ಇಳಿದ ಮೇಲೆ ನಿನ್ನ ಲಾಭ ಶುರು.

ಕುಂಬಳೆ ಕ್ಯಾಲ್ಕುಲೇಟರ್
ಒಪ್ಪಿದೆ, ಡಿಸ್ಕೌಂಟ್ ಇದ್ದರೆ ಲೆಕ್ಕ ತಿರುಗುತ್ತದೆ. ಆದರೆ ಡಿಸ್ಕೌಂಟ್ ಅಂದರೆ ಎಂತ? ಗೊತ್ತಿರುವವರು ಮಾರುತ್ತಿದ್ದಾರೆ ಅಂತ. ಶೇರು ಇಲ್ಲದವರು ಫ್ಯೂಚರ್ ಮಾರುತ್ತಾರೆ. ಇಷ್ಟು ಜನ ಬಾಡಿಗೆ ಕೊಟ್ಟು ಮಾರುತ್ತಿದ್ದಾರೆ ಅಂದರೆ ಅವರಿಗೆ ಏನೋ ಗೊತ್ತಿರಬೇಕು. ಅಂದಹಾಗೆ ಯಾವ ಶೇರು ಅಂತ ನನಗೆ ಗೊತ್ತಾಯಿತು. ನಾನೂ ಅದೇ ಶಾರ್ಟ್‌ನಲ್ಲಿದ್ದೇನೆ.

ಉಪ್ಪಳ ಎಕ್ಸ್‌ಪ್ರೆಸ್
ಕೊಚ್ಚಿಯ ಟೆಲಿಗ್ರಾಮ್ ಗ್ರೂಪಿನಲ್ಲೂ ಇದೇ ಶೇರು ಇರಬೇಕು. ಮಲಯಾಳದಲ್ಲಿ ದಿನಾ ಬೆಳಿಗ್ಗೆ 'ಸೆಲ್ ಸೆಲ್' ಅಂತ ಬರುತ್ತಿದೆ. ಪೆರ್ಲ, ಕುಂಬಳೆ, ಕೊಚ್ಚಿ ಎಲ್ಲರೂ ಒಂದೇ ಬಾಗಿಲಲ್ಲಿ ನುಗ್ಗಿದರೆ ಹೊರಗೆ ಬರುವುದು ಹೇಗೆ?

ಹಳೇ ಡೀಲರ್, ಮುಳ್ಳೇರಿಯ
ಸ್ಕ್ವೀಜ್ ಅಂದರೆ ಅದೇ. ಗೊತ್ತಿರುವವರು ಮಾರುತ್ತಿರಬಹುದು, ಆ ಮಾತು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರೂ ಒಂದು ದಿನ ಕೊಳ್ಳಲೇಬೇಕಲ್ಲ.

ತಮ್ಮ, ಎನ್‌ಎಸ್‌ಇ ಸೈಟಿನಲ್ಲಿ ಮಾರ್ಕೆಟ್ ವೈಡ್ ಪೊಸಿಶನ್ ಲಿಮಿಟ್, ಅಂದರೆ ಈ ಶೇರಿನಲ್ಲಿ ಎಲ್ಲರೂ ಸೇರಿ ಇಡಬಹುದಾದ ಪೊಸಿಶನ್‌ನ ಮಿತಿ, ಎಷ್ಟು ತುಂಬಿದೆ ನೋಡಿ ಹೇಳು.

ಪೆರ್ಲದ ಹುಡುಗ
91 ಪರ್ಸೆಂಟ್.

ಹಳೇ ಡೀಲರ್, ಮುಳ್ಳೇರಿಯ
ಇದು ನಿನ್ನ ಪೋಸ್ಟಿನಲ್ಲಿ ಮೊದಲ ಸಾಲಿನಲ್ಲೇ ಇರಬೇಕಾಗಿತ್ತು.

95 ದಾಟಿದರೆ ಶೇರು ಬ್ಯಾನ್ ಪಟ್ಟಿಗೆ ಹೋಗುತ್ತದೆ, ಮತ್ತೆ 80ಕ್ಕೆ ಇಳಿಯುವವರೆಗೆ ಅಲ್ಲೇ. ಬ್ಯಾನಿನಲ್ಲಿ ಇರುವ ಪೊಸಿಶನ್ ಕಡಿಮೆ ಮಾಡಬಹುದು, ಜಾಸ್ತಿ ಮಾಡುವ ಹಾಗಿಲ್ಲ. ಹೆಚ್ಚಿನ ಬ್ರೋಕರ್‌ಗಳು ಮುಂದಿನ ತಿಂಗಳದ್ದು ಮಾರಲೂ ಬಿಡುವುದಿಲ್ಲ, ಅಂದರೆ ರೋಲ್ ಇಲ್ಲ. ಈಗ ಯೋಚನೆ ಮಾಡು. ಎಕ್ಸ್‌ಪೈರಿ ವಾರ, ರೋಲ್ ಬಂದ್, ಕೊಡಲು ಶೇರಿಲ್ಲ. ಶಾರ್ಟ್ ಮಾಡಿದ ಎಲ್ಲರೂ ಕೊಳ್ಳಬೇಕು. ಬೆಲೆ ಏರಿದಾಗ ಹೊಸದಾಗಿ ಫ್ಯೂಚರ್ ಮಾರಿ ಅದನ್ನು ತಡೆಯುವವನೂ ಇಲ್ಲ, ಅವನಿಗೆ ಪ್ರವೇಶವೇ ಇಲ್ಲ. ಕಂಪನಿಗೆ ಒಳ್ಳೆ ಸುದ್ದಿ ಬೇಕಾಗಿಯೇ ಇಲ್ಲ, ಬೆಲೆ ಏರುತ್ತದೆ.

ಇನ್ನೊಂದು ವಿಷಯ. ಫ್ಯೂಚರ್ಸ್ ಇರುವ ಶೇರಿಗೆ ಮಾಷ್ಟ್ರು ಹೇಳಿದ ಹಾಗೆ ಗಟ್ಟಿ ಸರ್ಕ್ಯೂಟ್ ಇಲ್ಲ. 10 ಪರ್ಸೆಂಟ್ ಹತ್ತಿರ ಬಂದರೆ ಮಿತಿಯನ್ನು ಸ್ವಲ್ಪ ಸ್ವಲ್ಪ ಸಡಿಲಿಸುತ್ತಾ ಹೋಗುತ್ತಾರೆ. ಬಾಗಿಲು ತೆರೆದೇ ಇರುತ್ತದೆ, ಬೆಲೆ ಮಾತ್ರ ಯಾವುದೂ ಆಗಬಹುದು.

ಉಪ್ಪಳ ಎಕ್ಸ್‌ಪ್ರೆಸ್
ಯೆಸ್ ಬ್ಯಾಂಕ್ ನೆನಪಿದೆಯಾ? 2020ರ ಮಾರ್ಚ್ 6ಕ್ಕೆ 6 ರೂಪಾಯಿಗಿಂತ ಕೆಳಗೆ ಹೋಗಿತ್ತು. ಮುಗಿಯಿತು ಅಂತ ಎಲ್ಲರೂ ಶಾರ್ಟ್. ಮಾರ್ಚ್ 18ರ ಹೊತ್ತಿಗೆ 80 ದಾಟಿತು. ಎಲ್ಲ ಶಾರ್ಟ್ ಸ್ಕ್ವೀಜ್.

ಹಳೇ ಡೀಲರ್, ಮುಳ್ಳೇರಿಯ
ಎಲ್ಲವೂ ಅಲ್ಲ. ಮಧ್ಯದಲ್ಲಿ ಪುನರ್‌ರಚನೆಯ ಸ್ಕೀಮು ಬಂತು. ನೂರಕ್ಕಿಂತ ಹೆಚ್ಚು ಶೇರು ಇದ್ದವರ 75 ಪರ್ಸೆಂಟ್ ಶೇರಿಗೆ ಮೂರು ವರ್ಷದ ಬೀಗ ಹಾಕಿದರು. ಮಾರುಕಟ್ಟೆಗೆ ಬರಬಹುದಾದ ಶೇರೇ ಇದ್ದಕ್ಕಿದ್ದ ಹಾಗೆ ಕಮ್ಮಿ ಆಯಿತು. ಶಾರ್ಟ್ ಮಾಡಿದವರು ಬ್ಯಾಂಕಿನ ಸ್ಥಿತಿ ಸರಿಯಾಗಿಯೇ ಓದಿದ್ದರು. ಕೊಳ್ಳಲು ಶೇರು ಎಷ್ಟು ಸಿಗುತ್ತದೆ ಅನ್ನುವುದನ್ನು ಯಾರೂ ಎಣಿಸಿರಲಿಲ್ಲ.

ತಲಪಾಡಿ ಗೇಟ್
ಅಡಿಕೆಗೂ ಇಂಥ ಫ್ಯೂಚರ್ಸ್ ಇದ್ದಿದ್ದರೆ ನಾವು ಈ ಸಲ ಹೊಸ ಅಡಿಕೆ ಒಣಗುವ ಮೊದಲೇ ಮಾರಿ ಕೂರಬಹುದಿತ್ತು.

ಉಪ್ಪಳ ಎಕ್ಸ್‌ಪ್ರೆಸ್
ಕೊಳೆರೋಗ ಬಂದರೆ ಕೊಡುವುದು ಎಂತ ಗೇಟಣ್ಣ, ಒಣ ಸೋಗೆಯಾ?

ತಲಪಾಡಿ ಗೇಟ್
ಆಕ್ಷನ್‌ಗೆ ಹೋಗುವುದು, ಮಾಷ್ಟ್ರ ಹಾಗೆ.

ಅಡೂರಿನ ಅಕ್ಕ
ನಾನು ದುರ್ಬಲ ಶೇರುಗಳನ್ನು ಶಾರ್ಟ್ ಮಾಡುತ್ತೇನೆ, ಆದರೆ ಬರೀ ಫ್ಯೂಚರ್ ಯಾವತ್ತೂ ಮಾರುವುದಿಲ್ಲ. ಕಾರಣ ಸ್ಟಾಪ್‌ಲಾಸ್. ಒಮ್ಮೆ 408 ಟ್ರಿಗರ್, 410 ಲಿಮಿಟ್ ಹಾಕಿದ್ದೆ. ಬೆಳಿಗ್ಗೆ ಶೇರು ತೆರೆದದ್ದೇ 421ಕ್ಕೆ. ಟ್ರಿಗರ್ ಆಯಿತು, ಆರ್ಡರ್ 410ಕ್ಕೆ ಕೊಳ್ಳಲು ಹೋಗಿ ಅಲ್ಲೇ ಕೂತಿತು. ಕೊಡುವವರು ಯಾರು? ನಮ್ಮಲ್ಲಿ ಮಳೆಗಾಲ, ಕರೆಂಟು ಇಲ್ಲ, ಮೊಬೈಲಿನಲ್ಲಿ ಒಂದು ಕಡ್ಡಿ ಸಿಗ್ನಲ್. ತಿದ್ದಿ ಹಾಕುವಷ್ಟರಲ್ಲಿ 427.

ಅದಾದ ಮೇಲೆ ಜೊತೆಗೆ ಒಂದು ಕಾಲ್ ಕೊಳ್ಳುತ್ತೇನೆ. ನಿನ್ನ ಶೇರಿನಲ್ಲಿ 392ಕ್ಕೆ ಫ್ಯೂಚರ್ ಮಾರಿ 420ರ ಕಾಲ್ 9 ರೂಪಾಯಿಗೆ ಕೊಂಡರೆ, ಆಕಾಶಕ್ಕೇ ಹೋದರೂ ನಷ್ಟ 37 ರೂಪಾಯಿ, ಅಂದರೆ 55,500. ರಾತ್ರಿ ನಿದ್ದೆ ಬರುತ್ತದೆ.

ಹಳೇ ಡೀಲರ್, ಮುಳ್ಳೇರಿಯ
ಅಕ್ಕ, ಅದು ಸರಿಯಾದ ದಾರಿ. ಆದರೆ ಫ್ಯೂಚರ್ ಮಾರಿ ಕಾಲ್ ಕೊಂಡರೆ ಕೈಯಲ್ಲಿ ಇರುವುದು 420ರ ಪುಟ್ ಅಲ್ವಾ? ನೇರ ಆ ಪುಟ್ 37ರ ಹತ್ತಿರ ಸಿಕ್ಕಿದರೆ ಒಂದೇ ಆರ್ಡರ್‌ನಲ್ಲಿ ಕೆಲಸ ಮುಗಿಯಿತು. ದಿನದಿನದ ಎಂಟುಎಂ ಗಲಾಟೆಯೂ ಇಲ್ಲ.

ಅಡೂರಿನ ಅಕ್ಕ
ಲೆಕ್ಕಕ್ಕೆ ಸರಿ. ಆದರೆ ಆ ಪುಟ್‌ನಲ್ಲಿ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಾಲ್ಕೈದು ರೂಪಾಯಿ ಅಂತರ ಇರುತ್ತದೆ. ಇಂಥ ಶೇರಿನಲ್ಲಿ ಫ್ಯೂಚರ್‌ನಿಂದ ಹೊರಗೆ ಬರುವುದು ಸುಲಭ, ಕಾಲ್ ಅಲ್ಲೇ ಸತ್ತರೆ ಸಾಯಲಿ.

ಹಳೇ ಡೀಲರ್, ಮುಳ್ಳೇರಿಯ
ಅದು ಹೌದು.

ಪೆರ್ಲದ ಹುಡುಗ
ಎಂಟುಎಂ ಬಗ್ಗೆ ಒಂದು ಸಂಶಯ. ಮಾರ್ಜಿನ್‌ಗೆ ನಾನು ಮ್ಯೂಚುವಲ್ ಫಂಡ್ ಅಡವಿಟ್ಟಿದ್ದೇನೆ. ಏರಿದರೆ ಅದರಲ್ಲೇ ಕಳೆಯುತ್ತಾರಾ?

ಹಳೇ ಡೀಲರ್, ಮುಳ್ಳೇರಿಯ
ಇಲ್ಲ. ಆವತ್ತಿನ ನಷ್ಟ ಆವತ್ತೇ ನಗದಿನಲ್ಲಿ ಹೋಗಬೇಕು. ಅಡವಿಟ್ಟದ್ದು ಮಾರ್ಜಿನ್‌ಗೆ ಮಾತ್ರ. ಮಾರ್ಜಿನ್‌ನಲ್ಲೂ ಅರ್ಧ ನಗದು, ಇಲ್ಲ ಅದಕ್ಕೆ ಸಮಾನವಾದದ್ದು ಇರಬೇಕು. ಖಾತೆಯಲ್ಲಿ ನಗದು ಮುಗಿದರೆ ಬ್ರೋಕರ್ ಬಡ್ಡಿ ಹಾಕುತ್ತಾನೆ, ಆಮೇಲೆ ಅವನೇ ಪೊಸಿಶನ್ ಕತ್ತರಿಸುತ್ತಾನೆ. ಕತ್ತರಿಸುವುದು ಏರಿದ ಬೆಲೆಯಲ್ಲೇ. ನಾನು ಮಂಗಳೂರಿನಲ್ಲಿ ಡೀಲಿಂಗ್ ಟೇಬಲ್‌ನಲ್ಲಿ ಇದ್ದಾಗ ನೋಡಿದ್ದು, ಸ್ಕ್ವೀಜಿನ ಕೊನೆಯ ಏರಿಕೆ ಹೆಚ್ಚಾಗಿ ಇಂಥ ಆರ್ಡರ್‌ಗಳದ್ದೇ. ಗಿರಾಕಿ ಫೋನ್ ಎತ್ತುವುದಿಲ್ಲ, ನಾವು ಕೊಳ್ಳಬೇಕು.

ನಿನ್ನ ಖಾತೆಯಲ್ಲಿ ಒಟ್ಟು ಎಷ್ಟು?

ಪೆರ್ಲದ ಹುಡುಗ
ಎಲ್ಲ ಸೇರಿ 4 ಲಕ್ಷ.

ಹಳೇ ಡೀಲರ್, ಮುಳ್ಳೇರಿಯ
ಲಾಟ್ 6 ಲಕ್ಷದ್ದು. ಒಂದು ಬೆಳಿಗ್ಗೆ 10 ಪರ್ಸೆಂಟ್ ಮೇಲೆ ತೆರೆದರೆ 60,000 ಹೋಯಿತು, ಖಾತೆಯ 15 ಪರ್ಸೆಂಟ್. ಸ್ಟಾಪ್ ಇಟ್ಟರೂ ಇಡದಿದ್ದರೂ ಅಷ್ಟೇ.

ಸ್ಟಾಪ್ ಎಲ್ಲಿ ಇಟ್ಟಿದ್ದೀಯ?

ಪೆರ್ಲದ ಹುಡುಗ
405. ಫ್ಯೂಚರ್‌ನಿಂದ 8 ರೂಪಾಯಿ ಮೇಲೆ. 12,000ಕ್ಕಿಂತ ಜಾಸ್ತಿ ಕಳೆದುಕೊಳ್ಳಬಾರದು ಅಂತ.

ಹಳೇ ಡೀಲರ್, ಮುಳ್ಳೇರಿಯ
ಆ ಶೇರು ದಿನಕ್ಕೆ ಎಷ್ಟು ಮೇಲೆ ಕೆಳಗೆ ಆಡುತ್ತದೆ?

ಪೆರ್ಲದ ಹುಡುಗ
11-12 ರೂಪಾಯಿ.

ಹಳೇ ಡೀಲರ್, ಮುಳ್ಳೇರಿಯ
ಅಂದರೆ ಸುಮ್ನೆ ಇರುವ ದಿನವೂ ನಿನ್ನ ಸ್ಟಾಪ್ ಮುಟ್ಟಬಹುದು. ಅರ್ಥ ಇರುವ ಸ್ಟಾಪ್ ಬೇಕಾದರೆ 20 ರೂಪಾಯಿ ದೂರ ಬೇಕು, ಅಂದರೆ 30,000. ಅರ್ಧ ಲಾಟ್ ಮಾರಲು ಆಗುವುದಿಲ್ಲ. ನಿನ್ನ ಅಭಿಪ್ರಾಯ ಸರಿ ಇರಬಹುದು, ಈ ಲಾಟ್ 4 ಲಕ್ಷದ ಖಾತೆಗೆ ದೊಡ್ಡದಾಯಿತು. ಸ್ಟಾಪ್ ಹತ್ತಿರ ತಂದು ಆ ಲೆಕ್ಕ ಸರಿಮಾಡಲು ಬರುವುದಿಲ್ಲ.

ನಿನ್ನ ಜಾಗದಲ್ಲಿ ನಾನಿದ್ದರೆ, ರೋಲ್ ಮಾಡುವುದಿಲ್ಲ. ಈ ತಿಂಗಳದ್ದು ಈಗಲೇ ಮುಗಿಸುತ್ತೇನೆ. 90 ದಾಟಿದ ಶೇರಿನಲ್ಲಿ ಎಕ್ಸ್‌ಪೈರಿ ವಾರಕ್ಕೆ ಶಾರ್ಟ್ ಇಟ್ಟುಕೊಂಡು ಹೋಗುವುದಿಲ್ಲ, ಲಾಭದಲ್ಲಿದ್ದರೂ. ಆಮೇಲೆ ಒಂದು ಏರಿಕೆ ಬರಲಿ, ಡಿಸ್ಕೌಂಟ್ ಕರಗಲಿ. ಅದಾದ ಮೇಲೂ ಶೇರು ಮೇಲೆ ನಿಲ್ಲಲು ಆಗದೆ ಜಾರಿದರೆ ಆಗ ಮಾರು. ಬಾಡಿಗೆಯೂ ಕಮ್ಮಿ, ಜೊತೆಗೆ ಗಾಬರಿಗೊಳ್ಳುವ ಜನವೂ ಕಮ್ಮಿ.

ಕುಂಬಳೆ ಕ್ಯಾಲ್ಕುಲೇಟರ್
ಏರಿಕೆ ಬಾರದೆ ನೇರ 350ಕ್ಕೆ ಹೋದರೆ?

ಹಳೇ ಡೀಲರ್, ಮುಳ್ಳೇರಿಯ
ಹೋಗಲಿ. ನನಗೆ ಸಿಗಲಿಲ್ಲ ಅಂತ ಇರುತ್ತೇನೆ.

ಕುಂಬಳೆ ಕ್ಯಾಲ್ಕುಲೇಟರ್
ಅದು ಉತ್ತರ ಅಲ್ಲ ಅಣ್ಣ. ದೊಡ್ಡ ಕುಸಿತಗಳೆಲ್ಲ ಡಿಸ್ಕೌಂಟ್ ಇರುವಾಗಲೇ ಆಗುವುದು. ನೀವು ಹೇಳಿದ ಹಾಗೆ ಕಾದರೆ ಒಳ್ಳೆ ಶಾರ್ಟ್ ಯಾವುದೂ ಸಿಗುವುದಿಲ್ಲ.

ಅಡೂರಿನ ಅಕ್ಕ
ಇಬ್ಬರದ್ದೂ ಬಿಡಿ, ನಾನು ನೋಡುವುದು ಬೇರೆ. ಕೆಟ್ಟ ಸುದ್ದಿ ಬಂದ ದಿನ ಶೇರು ಇಳಿಯುತ್ತದಾ? ಕಳಪೆ ರಿಸಲ್ಟ್ ಬಂದು, ಬೆಳಿಗ್ಗೆ ಕೆಳಗೆ ತೆರೆದು, ಸಂಜೆಗೆ ಹಸಿರು ಆದರೆ ಮಾರುವವರು ಮುಗಿದಿದ್ದಾರೆ ಅಂತ. ನಾನು ಆವತ್ತೇ ಹೊರಗೆ. ಇನ್ನೊಂದು, ಮಾರಿ ಒಂದು ವಾರದಲ್ಲಿ ಏನೂ ಆಗದಿದ್ದರೆ ಹೊರಗೆ. ಡಿಸ್ಕೌಂಟ್ ಇರುವ ಶೇರಿನಲ್ಲಿ ಕಾಯುವುದಕ್ಕೂ ದುಡ್ಡು ಬೀಳುತ್ತದಲ್ಲ.

ಪೆರ್ಲದ ಹುಡುಗ
ಏರಿಕೆ ಬಂದಾಗ ಅದು ಸ್ಕ್ವೀಜಾ, ನಿಜವಾದ ಕೊಳ್ಳುವಿಕೆಯಾ ಅಂತ ಹೇಗೆ ಗೊತ್ತಾಗುವುದು?

ಹಳೇ ಡೀಲರ್, ಮುಳ್ಳೇರಿಯ
ಓಪನ್ ಇಂಟರೆಸ್ಟ್ ನೋಡು, ಅಂದರೆ ಇನ್ನೂ ಮುಗಿಸದೆ ಉಳಿದ ಪೊಸಿಶನ್ ಎಷ್ಟು ಅಂತ. ಎಲ್ಲ ತಿಂಗಳದ್ದೂ ಸೇರಿಸಿ ನೋಡಬೇಕು, ಈ ತಿಂಗಳದ್ದು ಮಾತ್ರ ನೋಡಿದರೆ ರೋಲ್‌ನಿಂದ ಮೋಸ ಹೋಗುತ್ತೀಯ. ಬೆಲೆ ಏರಿ ಓಪನ್ ಇಂಟರೆಸ್ಟ್ ಇಳಿಯುತ್ತಿದ್ದರೆ ಶಾರ್ಟ್‌ನವರು ಓಡುತ್ತಿದ್ದಾರೆ. ಬೆಲೆ ಏರಿ ಅದೂ ಏರಿದರೆ ಹೊಸಬರು ಕೊಳ್ಳುತ್ತಿದ್ದಾರೆ, ಅಲ್ಲಿ ಮತ್ತೆ ಶಾರ್ಟ್ ಮಾಡಲು ಅವಸರ ಬೇಡ. ಡಿಸ್ಕೌಂಟ್ ಒಂದೇ ದಿನದಲ್ಲಿ ಮಾಯವಾದರೂ ಅದೇ ಸೂಚನೆ, ಫ್ಯೂಚರ್ ಕೊಳ್ಳುವವರ ಅವಸರ ಅದು.

ಮಂಜೇಶ್ವರ ಲೆಕ್ಕಪತ್ರ
ತಡವಾಗಿ ಬಂದೆ. ಒಂದೇ ಮಾತು. ಮಾಷ್ಟ್ರ ನಷ್ಟ ಸ್ಪೆಕ್ಯುಲೇಟಿವ್, ಹುಡುಗನದ್ದು ಸಾಮಾನ್ಯ ಬಿಸಿನೆಸ್ ನಷ್ಟ. ಫ್ಯೂಚರ್ಸ್‌ನ ಲಾಭದಲ್ಲಿ ಇಂಟ್ರಾಡೇ ನಷ್ಟ ಕಳೆಯಲು ಬರುವುದಿಲ್ಲ. ರಿಟರ್ನ್ ಐಟಿಆರ್-3.

ಮಾಷ್ಟ್ರು, ನೀರ್ಚಾಲು
ಅದನ್ನು ನಾನು ಮನೆಯಲ್ಲಿ ತೋಟದ ಖರ್ಚು ಅಂತ ಹೇಳಿದ್ದೇನೆ. ಇಲ್ಲಿ ಬರೆದದ್ದು ಇಲ್ಲೇ ಇರಲಿ. 2024ರಲ್ಲಿ ಸೆಬಿಯವರೇ ಹೇಳಿದ್ದಾರೆ, ಫ್ಯೂಚರ್ಸ್ ಆಪ್ಶನ್ಸ್ ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಮೂರು ವರ್ಷದಲ್ಲಿ ನಷ್ಟದಲ್ಲಿ ಅಂತ.

ಕುಂಬಳೆ ಕ್ಯಾಲ್ಕುಲೇಟರ್
ಅದರಲ್ಲಿ ಹೆಚ್ಚಿನವರು ಆಪ್ಶನ್ ಆಡಿದವರು ಮಾಷ್ಟ್ರೇ.

ಪೆರ್ಲದ ಹುಡುಗ
ಅಪ್‌ಡೇಟ್: 397.20ಕ್ಕೆ ಮುಗಿಸಿದೆ. ಶೇರು ಆಗ 398.50. 20 ಪೈಸೆ ಮತ್ತು ಖರ್ಚು ಹೋಯಿತು, ಸಾಕು. ಲಿಮಿಟ್ ಈಗ 93 ಪರ್ಸೆಂಟ್.

ಒಂದು ಮಾತ್ರ ಇನ್ನೂ ಗೊತ್ತಾಗಲಿಲ್ಲ. ಸ್ಟಾಪನ್ನು ದಿನದ ಮಧ್ಯೆ ಮುಟ್ಟಿದ ಕೂಡಲೇ ಹೊರಗೆ ಬರುವುದಾ, ಮುಚ್ಚುವ ಬೆಲೆ ನೋಡಿ ಬರುವುದಾ?

ಅಡೂರಿನ ಅಕ್ಕ
ಮುಚ್ಚುವ ಬೆಲೆ. ಮಧ್ಯಾಹ್ನದ ಏರಿಕೆ ಅರ್ಧಕ್ಕರ್ಧ ಸುಳ್ಳು. ನನ್ನ ಹತ್ತಿರ ಕಾಲ್ ಇರುತ್ತದೆ, ಕಾಯಬಹುದು.

ಹಳೇ ಡೀಲರ್, ಮುಳ್ಳೇರಿಯ
ಕಾಲ್ ಇಲ್ಲದವನು ಮುಚ್ಚುವವರೆಗೆ ಕಾಯಬಾರದು. ಸ್ಕ್ವೀಜ್ ದಿನ ಕೊನೆಯ ಅರ್ಧ ಗಂಟೆಯಲ್ಲೇ ಬ್ರೋಕರ್‌ಗಳು ಕತ್ತರಿಸುವುದು.

ಅಡೂರಿನ ಅಕ್ಕ
ಹಾಗೆ ಮಧ್ಯದಲ್ಲೇ ಬಂದರೆ ತಿಂಗಳಲ್ಲಿ ಮೂರು ಸಲ ಸುಮ್ನೆ ಹೊರಗೆ ಬೀಳಬೇಕು ಅಣ್ಣ. ಆ ನಷ್ಟ ಯಾರ ಲೆಕ್ಕಕ್ಕೆ?

ಕುಂಬಳೆ ಕ್ಯಾಲ್ಕುಲೇಟರ್
ನಾನು ರೋಲ್ ಮಾಡಿದೆ, 392.40ಕ್ಕೆ. ಅಕ್ಕ ಹೇಳಿದ 420ರ ಕಾಲ್ ಸೇರಿಸಿದೆ, 9.60 ಬಿತ್ತು. ಬ್ಯಾನ್ ಆದರೆ ಆ ಕಾಲ್ ಮಾರಲು ಬಿಡುತ್ತಾರಾ, ಯಾರಿಗಾದರೂ ಗೊತ್ತುಂಟಾ?

ಹಳೇ ಡೀಲರ್, ಮುಳ್ಳೇರಿಯ
ಕೊಂಡದ್ದನ್ನು ಮಾರಿದರೆ ಶಾರ್ಟ್‌ನ ರಕ್ಷಣೆ ಹೋಗಿ ಒಟ್ಟು ಪೊಸಿಶನ್ ದೊಡ್ಡದಾಗುತ್ತದೆ. ಹೊಸ ನಿಯಮದಲ್ಲಿ ದಿನದ ಕೊನೆಗೆ ಒಟ್ಟು ಎಷ್ಟು ಅಂತ ನೋಡುತ್ತಾರೆ, ಮೊದಲಿನ ಹಾಗೆ ಒಂದೊಂದೇ ಅಲ್ಲ. ಫ್ಯೂಚರ್ ಮೊದಲು ಕೊಂಡು ಆಮೇಲೆ ಕಾಲ್ ಮಾರು. ನಿನ್ನ ಬ್ರೋಕರ್ ಹೇಗೆ ಮಾಡಿಟ್ಟಿದ್ದಾನೆ ಅಂತ ಬ್ಯಾನ್ ಬರುವ ಮೊದಲೇ ಫೋನ್ ಮಾಡಿ ಕೇಳು.

ಉಪ್ಪಳ ಎಕ್ಸ್‌ಪ್ರೆಸ್
ಕೊಚ್ಚಿ ಗ್ರೂಪಿನಲ್ಲಿ ಇವತ್ತು 'ಹೋಲ್ಡ್' ಅಂತ ಬಂದಿದೆ.